ಅರಿಶಿನ ಕೆಂಪಾದ ಹೊತ್ತು

ಲಾಂಡ್ರಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಲೆಯಕ್ಕ ಎನ್ನುತ್ತಿದ್ದರು. ಬಟ್ಟೆಯ ಕಲೆ ತೆಗೆಯುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಬೇಸಿನ್, ಮಲಗಲು ಅಂಗಡಿಯ ಹಿಂದಿನ ಅದೇ ಕೋಣೆ. ದೊಡ್ಡ ಯಜಮಾನರು ಇರುವ ತನಕ ಅವಳ ಕೈಗೆ ಬೆಲೆಯಿತ್ತು. ಈಗ ಯಜಮಾನಿಕೆ ಮಗನದು. ಮಗನಿಗೊಬ್ಬ ಭಾವಮೈದುನ, ಎಲ್ಲೂ ಕಾಲೂರದ ಮಹಾಶಯ. ಅವನಿಗೊಂದು ಮೇಜೂ ಕೋಣೆಯೂ ಬೇಕಾಗಿದ್ದವು. ಇನ್ನು ಬಿಡಿಸಿ ಹೇಳುವುದೇನಿದೆ?

“ಇನ್ನೊಂದು ಬಟ್ಟೆ ಹಾಳಾದ್ರೆ ಗಂಟುಮೂಟೆ ಕಟ್ಟು,” ಎಂದು ಚಿಕ್ಕ ಯಜಮಾನ ಸೋಮವಾರವೇ ಹೇಳಿದ್ದ. ಹಿಂದಿನ ಬಟ್ಟೆ ಹರಿದದ್ದು ಅವನೇ ತಂದ ಹೊಸ ಮಷಿನ್ನಿನಲ್ಲಿ. ಆದರೆ ಮಷಿನ್ನಿಗೆ ಬೈದರೆ ಅದು ತಲೆ ತಗ್ಗಿಸುವುದಿಲ್ಲವಲ್ಲ! ಕಲೆಯಕ್ಕ ತಗ್ಗಿಸಿದಳು. ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಬುಧವಾರ ಬೆಳಿಗ್ಗೆ ಎದುರು ಶಾಲೆಯ ಹೆಡ್‌ಮಿಸ್ಸು ಕೆನೆಬಣ್ಣದ ಹತ್ತಿ ಕುರ್ತಾ ತಂದರು. ತಿಂಡಿಯ ಹೊತ್ತಿನಲ್ಲಿ ಎದೆಯ ಮೇಲೆ ಉಪ್ಪಿನಕಾಯಿ ಎಣ್ಣೆ ಚೆಲ್ಲಿತ್ತು, ತೋಳಿನ ತುದಿ ಹುಣಸೆ ರಸದಲ್ಲಿ ಅದ್ದಿಹೋಗಿತ್ತು. ಸಂಜೆಯ ಸಮಾರಂಭಕ್ಕೆ ಅದೇ ಬೇಕಂತೆ.

ಕಲೆಯಕ್ಕ ಎಣ್ಣೆಗೆ ನೀರು ಸೋಕಿಸಲಿಲ್ಲ. ಸೀಮೆಸುಣ್ಣದ ಪುಡಿ ದಪ್ಪಗೆ ಉದುರಿಸಿ, ಅದು ಎಣ್ಣೆ ಹೀರಲೆಂದು ಬಿಟ್ಟಳು. ಅಷ್ಟರಲ್ಲಿ ತೋಳನ್ನು ಒಳಮೈ ಹೊರಗೆ ಮಾಡಿ, ತಣ್ಣೀರು ಹರಿಸಿ, ನೀರು ಬೆರೆಸಿದ ವಿನಿಗರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒತ್ತಿ ತೆಗೆದಳು. ಹುಣಸೆಗೆ ಸೋಪಿನ ಬಿಲ್ಲೆ ಉಜ್ಜಿದರೆ ಅದು ಅಲ್ಲೇ ಬೇರು ಬಿಡುತ್ತದೆ, ಇಸ್ತ್ರಿ ತಗುಲಿದರಂತೂ ಕಥೆ ಮುಗಿಯಿತು. ಮುಕ್ಕಾಲು ಗಂಟೆಯಲ್ಲಿ ತೋಳು ಶುಭ್ರವಾಯಿತು. ಆಮೇಲೆ ಪುಡಿ ಕೊಡವಿ, ಎಣ್ಣೆಯ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿದಳು. ಕೊನೆಗೆ ಸೋಪಿನ ಪುಡಿ ಕದಡಿದ ಉಗುರುಬೆಚ್ಚಗಿನ ನೀರಿಗೆ ಇಳಿಸಿದಳು.

ಉಪ್ಪಿನಕಾಯಿಯಲ್ಲಿ ಅರಿಶಿನವಿರುತ್ತದೆ. ಸೋಪು ತಾಕಿದೊಡನೆ ಅದು ಕೆಂಪಾಗುತ್ತದೆ. ಕುರ್ತಾದ ಎದೆಯೂ ಕೆಂಪಾಯಿತು, ಗಾಯವಾದ ಹಾಗೆ. ಸರಿಯಾಗಿ ಅದೇ ಗಳಿಗೆಗೆ “ಕಲೆ ಹೋಯ್ತಾ?” ಎನ್ನುತ್ತಾ ಹೆಡ್‌ಮಿಸ್ಸು ಒಳಬಂದರು. ಹಿಂದೆಯೇ ಚಿಕ್ಕ ಯಜಮಾನ.

“ಅಯ್ಯೋ! ಏನ್ರೀ ಇದು? ಹಳದಿ ಇದ್ದದ್ದು ರಕ್ತ ಆಗಿದೆಯಲ್ಲ!”

“ಗಾಬರಿಯಾಗ್ಬೇಡಿ ಮೇಡಂ,” ಎಂದಳು ಕಲೆಯಕ್ಕ. “ಅರಿಶಿನ ಹೀಗೇ. ವಿನಿಗರ್ ನೀರಲ್ಲಿ ಅದ್ದಿದ್ರೆ ಮತ್ತೆ ಹಳದಿಯಾಗತ್ತೆ. ಮಧ್ಯಾಹ್ನದ ಬಿಸಿಲು ತಿಂದ್ರೆ ಆ ಹಳದಿನೂ ಹಾರಿಹೋಗತ್ತೆ. ಬೇಕಿದ್ರೆ ಇವರನ್ನೇ ಕೇಳಿ.”

ಅವಳು ಚಿಕ್ಕ ಯಜಮಾನನ ಮುಖ ನೋಡಿದಳು. ಏಳು ವರ್ಷದವನಿದ್ದಾಗ ಅವನು ಇದೇ ಮೇಜಿನ ಮೇಲೆ ಕೂತು, “ಅಕ್ಕಾ, ಇನ್ನೊಂದ್ಸಲ ಮ್ಯಾಜಿಕ್!” ಎಂದು ಪೀಡಿಸುತ್ತಿದ್ದ. ಅವಳು ಚಿಂದಿಗೆ ಅರಿಶಿನ ಹಚ್ಚಿ, ಸೋಪಿನಲ್ಲಿ ಕೆಂಪು, ವಿನಿಗರಿನಲ್ಲಿ ಹಳದಿ ಮಾಡಿ ತೋರಿಸುತ್ತಿದ್ದಳು. ಜ್ವರ ಬಂದಾಗಲೂ ಅವನಿಗೆ ಅದೇ ಆಟ ಬೇಕಾಗುತ್ತಿತ್ತು.

“ಹೇಳಿ ಚಿಕ್ಕವ್ರೇ. ನಿಮ್ಗೇ ತೋರಿಸಿದ್ನಲ್ಲ?”

ಅವನು ಒಂದು ಕ್ಷಣವೂ ತಡವರಿಸಲಿಲ್ಲ. “ಏನು ತೋರಿಸಿದ್ದೆ? ಬಟ್ಟೆ ಹಾಳು ಮಾಡಿ ಈಗ ನನ್ನನ್ನ ಸಾಕ್ಷಿಗೆ ಕರೀತೀಯಾ? ಕ್ಷಮಿಸಿ ಮೇಡಂ. ಅಪ್ಪನ ಕಾಲದವಳು ಅಂತ ಇಟ್ಕೊಂಡಿದ್ದೇ ತಪ್ಪಾಯ್ತು. ನೀವು ಸಂಜೆ ಬನ್ನಿ, ನಾನೇ ಕೈಯಾರೆ ಸರಿಮಾಡಿ ಕೊಡ್ತೀನಿ.”

“ಇಂಥವರನ್ನ ಯಾಕಾದ್ರೂ ಇಟ್ಕೊಳ್ತೀರೋ!” ಎಂದು ಹೆಡ್‌ಮಿಸ್ಸು ಹೊರಟುಹೋದರು.

ಕಲೆಯಕ್ಕ ಬೇಡಿಕೊಳ್ಳಲಿಲ್ಲ. ಗೊತ್ತಿಲ್ಲದವನಿಗಾದರೆ ತಿಳಿಸಿ ಹೇಳಬಹುದಿತ್ತು. ಕೋಣೆಗೆ ಹೋಗಿ ಟ್ರಂಕು ಎಳೆದಳು.

ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಚಿಕ್ಕ ಯಜಮಾನ ಕುರ್ತಾವನ್ನು ಸೋಪು ಹೋಗುವಂತೆ ಜಾಲಿಸಿ, ವಿನಿಗರ್ ನೀರಿಗೆ ಅದ್ದಿದ. ಕೆಂಪು ಹಳದಿಗೆ ತಿರುಗಿತು. ಹಿಂಡದೆ, ಮತ್ತೊಮ್ಮೆ ಜಾಲಿಸಿ, ಅಂಗೈಯಿಂದ ನೀರು ಒತ್ತಿದ. ಎಲ್ಲವೂ ಅವಳು ಮಾಡುತ್ತಿದ್ದ ಹಾಗೆಯೇ. ಆಮೇಲೆ ತಂತಿಗೆ ಹಾಕಿದ. ಅವಸರದಲ್ಲಿ ಕಲೆಯಿದ್ದ ಎದೆಯ ಭಾಗ ಗೋಡೆಯ ನೆರಳಿಗೆ ಬಿತ್ತು.

ಅವಳು ಅದನ್ನು ಕಂಡಳು. ಹಾಗೇ ಬಿಟ್ಟಿದ್ದರೆ ಸಂಜೆಗೂ ಹಳದಿ ಉಳಿಯುತ್ತಿತ್ತು, ಹೆಡ್‌ಮಿಸ್ಸಿನ ಎದುರು ಅವನ ಮಾನ ಹರಾಜಾಗುತ್ತಿತ್ತು. ಎರಡು ಸೀರೆ ಮಡಿಸಿದಳು. ಮೂರನೆಯದು ಕೈಯಲ್ಲೇ ಉಳಿಯಿತು. ಹಾಳಾದ ಕೈ, ಹಾಳಾದ ಕಣ್ಣು!

“ತಿರುಗಿಸಿ ಹಾಕಿ,” ಎಂದು ಕಿಟಕಿಯಿಂದ ಕೂಗಿದಳು. “ಕಲೆ ಬಿಸಿಲಿಗೆ ಮುಖ ಮಾಡಿರ್ಬೇಕು.”

ಅವನು ತಿರುಗಿಸಿ ಹಾಕಿದ, ಸುಕ್ಕಿಲ್ಲದಂತೆ ಎಳೆದು ಕ್ಲಿಪ್ಪು ಸಿಕ್ಕಿಸಿದ. ಆಮೇಲೆ ಕಿಟಕಿಯ ಹತ್ತಿರ ಬಂದು ಸರಳುಗಳ ನಡುವೆ ಕೈ ಚಾಚಿದ.

“ಕೋಣೆ ಬೀಗದಕೈ ಕೊಡು. ಭಾವಮೈದುನ ಹಾಸಿಗೆ ತಗೊಂಡು ಬರ್ತಿದ್ದಾನೆ.”