ಕನ್ನಡದ ಖಾಲಿ ಚೌಕಗಳು

ಟಿ. ನರಸೀಪುರದ ಆ ಹೈಸ್ಕೂಲಿನಲ್ಲಿ ವೇಳಾಪಟ್ಟಿ ಮಾಡುವ ಕೆಲಸ ಗಣಿತದ ಮೇಷ್ಟ್ರು ರಘೂತ್ತಮನದು. ಕಂಪ್ಯೂಟರ್ ಬಂದ ವರ್ಷದಿಂದ ಅವನು ಗಣಿತಕ್ಕೆ ತಿಳಿನೀಲಿ, ವಿಜ್ಞಾನಕ್ಕೆ ತಿಳಿಹಸಿರು, ಕನ್ನಡಕ್ಕೆ ಹಳದಿ ಹಾಕುತ್ತಿದ್ದ. ಬಣ್ಣ ತೆಳುವಾಗಿದ್ದರೆ ಮೇಲಿನ ಕಪ್ಪಕ್ಷರ ಎದ್ದು ಕಾಣುತ್ತದೆ. ಬಿಳಿ ಬಿಟ್ಟಿದ್ದರೆ ವಿರಾಮ ಎಂದು ಮಕ್ಕಳಿಗೆ ಅವನೇ ಹೇಳಿಕೊಟ್ಟಿದ್ದ.

ಕನ್ನಡ ಕಲಿಸುತ್ತಿದ್ದವಳು ಅವನ ಹೆಂಡತಿ ಸಿಂಧು. ದಸರಾ ರಜೆಯಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ರಜೆ ಮುಗಿದ ಮೇಲೆ ಹೊಸ ಪಟ್ಟಿ ಮಾಡಲು ಕೂತ ರಘೂತ್ತಮ ಅವಳ ಹೆಸರನ್ನು ಅಳಿಸಿದ. ಅಲ್ಲಿ ಬದಲಿಗೆ ಬಂದ ಟೀಚರ್ ನಯನಳ ಹೆಸರು ಟೈಪ್ ಹೊಡೆಯಲು ಕೈ ಬರಲಿಲ್ಲ. ಬಣ್ಣವನ್ನೂ ತೆಗೆದು, ಆ ಚೌಕಗಳನ್ನು ಖಾಲಿ ಬಿಟ್ಟು, ಪ್ರಿಂಟ್ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದ.

ಮರುದಿನ ಎರಡನೇ ಪೀರಿಯಡ್ಡಿಗೆ ಎಂಟನೇ ಕ್ಲಾಸು ಪೂರ್ತಿ ಮೈದಾನದಲ್ಲಿತ್ತು.

"ಯಾರ್ಲಾ ಬಿಟ್ಟೋರು ನಿಮ್ಮನ್ನ?" ಎಂದು ಹೆಡ್‌ಮಾಸ್ಟರ್ ಬಸವಣ್ಣ ಗದರಿದರು.

"ಬೋರ್ಡಲ್ಲಿ ಬಿಳಿ ಐತೆ ಸಾ. ಇನ್ಮೇಲೆ ಎರಡೆರಡು ಸಲ ಆಟಕ್ಕೆ ಬಿಡ್ತಾರೆ ಅಂದ್ಕೊಂಡೊ," ಎಂದ ಒಬ್ಬ ಹುಡುಗ. ಉಳಿದವರು ಕಿಸಕ್ಕನೆ ನಕ್ಕರು.

ಬಸವಣ್ಣ ಬೋರ್ಡು ನೋಡಿಕೊಂಡು ಕಂಪ್ಯೂಟರ್ ಕೋಣೆಗೆ ಬಂದು ರಘೂತ್ತಮನ ಪಕ್ಕದಲ್ಲಿ ಕೂತರು. ಬೈಯಲಿಲ್ಲ.

"ನಾನೇ ಹೊಡೀಲಾ ಮೇಷ್ಟ್ರೇ?"

"ಬೇಡ ಸಾರ್. ನಿಮಗೆ ಕಾಪಿ ಪೇಸ್ಟ್ ಬರಲ್ಲ."

ರಘೂತ್ತಮ ಒಂದು ಚೌಕಕ್ಕೆ ಹಳದಿ ತುಂಬಿ ನಯನ ಎಂದು ಹೊಡೆದ. ಅದನ್ನೇ ಕಾಪಿ ಮಾಡಿ ಉಳಿದ ಚೌಕಗಳಿಗೆಲ್ಲ ಹಾಕಿದ. ಐದು ನಿಮಿಷವೂ ಹಿಡಿಯಲಿಲ್ಲ. ಹೊಸ ಹಾಳೆಯನ್ನು ಅಂಟಿಸಿ ಹಿಂದೆ ಸರಿದು ನೋಡಿದ. ಸಿಂಧು ಇದ್ದಾಗಿನ ಪಟ್ಟಿಗೂ ಇದಕ್ಕೂ ದೂರದಿಂದ ಏನೂ ವ್ಯತ್ಯಾಸ ಕಾಣಲಿಲ್ಲ.