ಚೆಲ್ಲಿದ್ದು ಒಬ್ಬರು

ಆಸ್ಪತ್ರೆಯ ಲ್ಯಾಬಿನಲ್ಲಿ ಕೈ ಜಾರಿದ್ದು ಟೆಕ್ನಿಷಿಯನ್ ಹೆಂಗಸಿನದೇ. ರೋಗಿಯೊಬ್ಬನ ಗಾಯದ ಕೀವಿನಿಂದ ಬೆಳೆಸಿದ ರೋಗಾಣುಗಳ ಕಲ್ಚರ್ ಅದು. ಗಾಜಿನ ಕೊಳವೆಗಳನ್ನು ಸ್ಟ್ಯಾಂಡಿನ ಸಮೇತ ಇನ್‌ಕ್ಯುಬೇಟರಿನಿಂದ ತೆಗೆಯುವಾಗ ಕೈತಪ್ಪಿತು. ಕೊಳವೆಗಳು ಒಡೆದು ಮಬ್ಬು ದ್ರವ ನೆಲವೆಲ್ಲ ಹರಿಯಿತು. ಮೂಲೆಯಲ್ಲಿ ಬಾಟಲಿ ಒರೆಸುತ್ತಿದ್ದ ಆಯಾಳ ಪಾದಕ್ಕೂ ಸಿಡಿಯಿತು. ಆಯಾ ಹಾಕಿದ್ದು ಬರೀ ಚಪ್ಪಲಿ, ಹಿಮ್ಮಡಿಯಲ್ಲಿ ಬಾಯಿಬಿಟ್ಟ ಬಿರುಕು.

"ಎಲ್ಲರೂ ಹೊರಗೆ!" ಎಂದು ಕೂಗಿ ಟೆಕ್ನಿಷಿಯನ್ ಬಾಗಿಲು ಮುಚ್ಚಿದಳು. ಆಯಾಳನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಸೋಪು ಹಾಕಿ ಕಾಲು ತೊಳೆಸಿದಳು. ಗಾಳಿಯಲ್ಲಿ ತೇಲುವ ತುಂತುರು ಕೂರಲೆಂದು ಅರ್ಧ ಗಂಟೆ ಕಾದು, ಮಾಸ್ಕ್, ಗೌನು, ಗ್ಲೌಸು ತೊಟ್ಟು ಒಬ್ಬಳೇ ಒಳಗೆ ಹೋದಳು. ಚೆಲ್ಲಿದ್ದರ ಮೇಲೆ ಕಾಗದದ ಟವೆಲ್ ಹಾಸಿ, ಆಗತಾನೇ ಕಲಸಿದ ಬ್ಲೀಚ್ ನೀರನ್ನು ಅಂಚಿನಿಂದ ನಡುವಿನತ್ತ ಸುರಿದಳು. ಅದು ಕೆಲಸ ಮಾಡುವಷ್ಟು ಹೊತ್ತು ಬಿಟ್ಟು, ಗಾಜನ್ನು ಇಕ್ಕಳದಿಂದ ಹೆಕ್ಕಿದಳು. ಟವೆಲ್‌ಗಳು ಬಿಸಿ ಉಗಿಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವಿಗೆ ಹೋದವು. ನೆಲವನ್ನು ಇನ್ನೊಮ್ಮೆ ಒರೆಸಿದಳು.

ಸೂಪರ್‌ವೈಸರಿಗೆ ವರದಿ ಬರೆಯಲು ಕೂತಾಗ ಆಯಾ ಹತ್ತಿರ ಬಂದಳು.

"ಅಕ್ಕಾ, ನನ್ನ ಹೆಸರು ಬರೀಬೇಡಿ."

"ಬರೀದಿದ್ರೆ ನಾಳೆ ಕಾಲು ಊದ್ಕೊಂಡ್ರೆ ಯಾರು ನೋಡ್ತಾರೆ? ಬರೆದ್ರೆ ಡಾಕ್ಟರ್ ನೋಡಲೇಬೇಕು."

"ನಾನು ಗುತ್ತಿಗೆಯವಳು ಅಕ್ಕಾ. ಕಾಲು ನಂದು, ನಾನೇ ನೋಡ್ಕೋತೀನಿ."

"ತಪ್ಪು ನಂದು ಅಂತಲೇ ಬರೀತೀನಿ, ನಿಂಗೇನೂ ಆಗಲ್ಲ."

ಹಾಗೇ ಬರೆದಳು: ಕೈ ಜಾರಿದ್ದು ತನ್ನದು, ಚಪ್ಪಲಿಯಲ್ಲಿದ್ದ ಆಯಾಳ ಬಿರಿದ ಹಿಮ್ಮಡಿಗೆ ಸಿಡಿದಿದೆ, ತಪಾಸಣೆ ಆಗಬೇಕು, ಮುಚ್ಚಿದ ಶೂ ಕೊಡಿರೆಂದು ಹಿಂದೆಯೇ ಕೇಳಿದ್ದೆವು, ಬಂದಿಲ್ಲ.

ಸೂಪರ್‌ವೈಸರ್ ಓದಿ ತಲೆದೂಗಿದರು. "ಭೇಷ್! ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆದಿರಲಿಲ್ಲ."

ಡಾಕ್ಟರ್ ಕಾಲು ನೋಡಿ ಮುಲಾಮು ಕೊಟ್ಟರು. ಆ ವಾರವೇ ಗುತ್ತಿಗೆದಾರ ಆಯಾಳನ್ನು ಬಿಡಿಸಿದ: ಚಪ್ಪಲಿಯಲ್ಲಿ ಲ್ಯಾಬಿಗೆ ಬಂದದ್ದು ನಿಯಮಭಂಗವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಟೆಕ್ನಿಷಿಯನ್ ಸೂಪರ್‌ವೈಸರ್ ಬಳಿ ಓಡಿಹೋಗಿ ಕೇಳಿದಳು. "ಸರ್, ಚೆಲ್ಲಿದ್ದು ನಾನು. ಶೂ ಕೊಡದೇ ಇದ್ದದ್ದು ಆಸ್ಪತ್ರೆ."

"ನಿಮ್ಮ ಮೇಲೆ ಕ್ರಮ ಇಲ್ಲ ಅಂತ ಖುಷಿಪಡಿ. ಚಪ್ಪಲಿ ಹಾಕಿದ್ಳು ಅಂತ ಬರೆದಿದ್ದು ನೀವೇ ತಾನೇ?"

ತಾನೇ ರಾಜೀನಾಮೆ ಬಿಸಾಡಬೇಕೆನಿಸಿತು. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ ನೆನಪಾಗಿ ಲ್ಯಾಬಿನ ಕೆಲಸಕ್ಕೆ ಮರಳಿದಳು. ತರಬೇತಿಯಲ್ಲಿ ಹೊಸಬರಿಗೆ ಅವಳ ವರದಿಯನ್ನೇ ಮಾದರಿಯೆಂದು ಓದಿ ಹೇಳಿದರು. ಶೂ ಬಗೆಗಿನ ಸಾಲು ಮಾತ್ರ ಬಿಟ್ಟುಹೋಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಆಯಾ ಎದುರಾದಳು.

"ಕಾಲು ಹೇಗಿದೆ?"

"ಕಾಲು ಚೆನ್ನಾಗಿದೆ ಮೇಡಂ, ಹೊಟ್ಟೆಪಾಡಿಂದೇ ಕಷ್ಟ."

ಅಕ್ಕ ಎನ್ನುತ್ತಿದ್ದವಳು ಮೇಡಂ ಎಂದಳು. ಬಸ್ಸು ಬಂತು. ಆಯಾ ಹತ್ತಿದಳು, ತಿರುಗಿ ನೋಡಲಿಲ್ಲ.