ಹಣೆಯ ಮೇಲಿನ ಕೆಂಪು

ಹೆಂಡತಿ ಸಾವಿತ್ರಮ್ಮ ಹೋಗಿ ಹತ್ತು ದಿನವಾಗಿತ್ತು. ವೈಕುಂಠ ಸಮಾರಾಧನೆಗೆ ಇಡಲು ಗೌರಿಹಬ್ಬದ ದಿನ ತೆಗೆದ ಫೋಟೋವನ್ನೇ ಹಿಡಿದು ಚಿದಂಬರಯ್ಯನವರು ದೆಹಲಿಯ ಸರೋಜಿನಿ ನಗರದ ಫೋಟೋ ಸ್ಟುಡಿಯೋಗೆ ಬಂದಿದ್ದರು. ಅದರಲ್ಲಿ ಬೆವರಿಗೆ ಕುಂಕುಮ ಮಾಸಿತ್ತು, ಮೂಗು ಕೆನ್ನೆಗೆಲ್ಲ ಹರಡಿತ್ತು. ಮುತ್ತೈದೆಯಾಗಿ ಹೋದವಳ ಹಣೆ ತುಂಬಿರಬೇಕೆಂಬುದೊಂದೇ ಅವರ ಆಸೆ.

ಸ್ಟುಡಿಯೋದ ಧಾರಿಣಿ, ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ, ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ, ಪಕ್ಕದ ಚರ್ಮದ ಬಣ್ಣವನ್ನೇ ತಂದು ಮೂಗಿನ ಮೇಲಿನ ಕೆಂಪನ್ನು ಮುಚ್ಚಿದಳು. ಕೂದಲಂಚಿನ ಕೆಂಪಿಗೆ ಬಂದಾಗ ಕೈ ನಿಂತಿತು.

"ಅಂಕಲ್, ಯೇ ಕುಂಕುಮ ಅಲ್ಲ. ಕುಂಕುಮ ಪುಡಿ ಪುಡಿಯಾಗಿ ಚರ್ಮದ ಮೇಲೆ ಕೂತಿರತ್ತೆ. ಇದು ಒಳಗಿದೆ, ಸುತ್ತ ಊದಿದೆ. ಆಂಟಿ ಬಿದ್ದಿದ್ರಾ?"

ಹಬ್ಬದ ಬೆಳಗ್ಗೆ ಬಚ್ಚಲುಮನೆಯಿಂದ ಸದ್ದು ಕೇಳಿಸಿತ್ತು. "ಚೊಂಬು ಬಿತ್ತು ಕಣ್ರೀ" ಎಂದಿದ್ದಳು ಸಾವಿತ್ರಮ್ಮ. ಪೂಜೆಗೆ ಕೂತಿದ್ದ ಚಿದಂಬರಯ್ಯನವರು ಏಳಲಿಲ್ಲ. ಎರಡು ದಿನದ ಮೇಲೆ ಅವಳಿಗೆ ಪ್ರಜ್ಞೆ ತಪ್ಪಿದಾಗ, ತಲೆಗೆ ಪೆಟ್ಟಾಗಿತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲವೆಂದು ತಾವೇ ಖಡಾಖಂಡಿತವಾಗಿ ಹೇಳಿದ್ದರು. ಆ ಕೆಂಪನ್ನು ಅಷ್ಟು ಹತ್ತಿರದಿಂದ ಕಂಡೂ ಕುಂಕುಮವೆಂದೇ ನಂಬಿದ್ದರು.

"ಇದನ್ನೂ ಕ್ಲೀನ್ ಮಾಡ್ಲಾ ಅಂಕಲ್? ಯಾರಿಗೂ ಗೊತ್ತಾಗಲ್ಲ."

ಅಮ್ಮನಿಗೆ ಏನಾಯಿತೆಂದು ಮಗ ದಿನವೂ ಕೇಳುತ್ತಿದ್ದ.

"ಬೇಡ ಮಗು. ಬೊಟ್ಟು ಮಾತ್ರ ತಿದ್ದು. ಅದು ಹಾಗೇ ಇರಲಿ, ಮಗನಿಗೆ ತೋರಿಸಿ ಹೇಳಬೇಕು."

ಅವಳು ಮಾಸಿದ ಬೊಟ್ಟಿಗೆ ಬಣ್ಣ ತುಂಬತೊಡಗಿದಳು. ಅವರು ಕಣ್ಣು ತೆಗೆಯದೆ ಪೆಟ್ಟಿನ ಜಾಗವನ್ನೇ ನೋಡುತ್ತ ಕುಳಿತರು.